ನಮ್ಮ ಕುಲ್ಫಿ ಐಸ್ ಕ್ಯಾಂಡಿ ಆಗಿದ್ದು ಯಾಕೆ?

ಹೋದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸ್ಟಾಲ್‌ನಲ್ಲಿ ಮಾರಿದ ಕುಲ್ಫಿ ತುಂಬ ಜನಕ್ಕೆ ನೆನಪಿರುತ್ತೆ, ಆದರೆ ಒಳ್ಳೆ ಕಾರಣಕ್ಕಲ್ಲ. ಒಬ್ಬ ಜೂನಿಯರ್ ಒಂದು ಸಲ ಕಚ್ಚಿ, "ಅಣ್ಣಾ, ಇದು ಏಲಕ್ಕಿ ಫ್ಲೇವರ್ ಐಸ್ ಕ್ಯಾಂಡಿನಾ?" ಅಂತ ಕೇಳಿದ. ಹಲ್ಲಿಗೆ ಕರಕರ ಅನ್ನುತ್ತಿತ್ತು. ಚೀಪಿದರೆ ಸಿಹಿಯೆಲ್ಲ ಮೊದಲೇ ಬಾಯಿಗೆ ಬಂದು, ಕಡ್ಡಿಯಲ್ಲಿ ಬಿಳಿ ಮಂಜು ಮಾತ್ರ ಉಳೀತಿತ್ತು. 45 ಕುಲ್ಫಿಯಲ್ಲಿ ಅರ್ಧದಷ್ಟು ನಾವೇ ತಿಂದು ಮುಗಿಸಿದ್ವಿ. ಆಮೇಲೆ ಕೂತು ಲೆಕ್ಕ ಹಾಕಿದಾಗ ತಪ್ಪು ಎಲ್ಲಿ ಅಂತ ಗೊತ್ತಾಯ್ತು. ಆ ಲೆಕ್ಕ ಇಲ್ಲಿದೆ.

ನಾವು ತಂದಿದ್ದು ನಂದಿನಿ ಶುಭಂ ಹಾಲು. ಪ್ಯಾಕೆಟ್ ಮೇಲೇ ಬರೆದಿರುತ್ತೆ: ಕೊಬ್ಬು 4.5%, ಕೊಬ್ಬಲ್ಲದ ಘನಾಂಶ 8.5%. ಒಂದು ಲೀಟರ್ ಹಾಲು ತೂಕದಲ್ಲಿ ಸುಮಾರು 1030 ಗ್ರಾಂ. ಅದರಲ್ಲಿ 46 ಗ್ರಾಂ ಕೊಬ್ಬು, 88 ಗ್ರಾಂ ಉಳಿದ ಘನಾಂಶ. ಮಿಕ್ಕಿದ್ದು, ಅಂದರೆ ಹತ್ತಿರ ಹತ್ತಿರ 900 ಗ್ರಾಂ, ಬರೀ ನೀರು. ನಾವು ಇಪ್ಪತ್ತು ನಿಮಿಷ ಕಾಯಿಸಿ "ಗಟ್ಟಿ ಆಯ್ತು ಬಿಡು" ಅಂತ ಇಳಿಸಿದ್ವಿ. ಲೀಟರಿಗೆ 850 ಗ್ರಾಂ ಉಳಿದಿತ್ತು, ಅದಕ್ಕೆ 60 ಗ್ರಾಂ ಸಕ್ಕರೆ. ಒಟ್ಟು 910 ಗ್ರಾಂನಲ್ಲಿ 716 ಗ್ರಾಂ ನೀರು, ಅಂದರೆ ನೂರಕ್ಕೆ 79. ಹಸಿ ಹಾಲಿಗೆ ಸಕ್ಕರೆ ಹಾಕಿಟ್ಟಿದ್ದರೂ ಹೆಚ್ಚುಕಮ್ಮಿ ಇಷ್ಟೇ ಬರ್ತಿತ್ತು.

ಈ ನೀರೆಲ್ಲ ಒಂದೇ ಸಲ ಹೆಪ್ಪುಗಟ್ಟಲ್ಲ, ಇಲ್ಲೇ ಸಕ್ಕರೆಯ ಕೆಲಸ ಇರೋದು. ನೀರಿನಲ್ಲಿ ಕರಗಿದ ಸಕ್ಕರೆ ಹೆಪ್ಪುಗಟ್ಟುವ ಬಿಂದುವನ್ನು ಕೆಳಗಿಳಿಸುತ್ತೆ. ಸ್ವಲ್ಪ ನೀರು ಐಸ್ ಆಗಿ ಬೇರೆಯಾದ ಹಾಗೆ, ಉಳಿದ ನೀರಿನಲ್ಲಿ ಸಕ್ಕರೆ ಇನ್ನೂ ಗಾಢ ಆಗುತ್ತೆ, ಬಿಂದು ಇನ್ನೂ ಕೆಳಗಿಳಿಯುತ್ತೆ. ಹಾಗಾಗಿ ಫ್ರೀಜರ್‌ನ −12 ಡಿಗ್ರಿಯಲ್ಲೂ ಸ್ವಲ್ಪ ಪಾಕ ದ್ರವವಾಗೇ ಉಳಿಯುತ್ತೆ. ಕುಲ್ಫಿಯನ್ನು ಕಚ್ಚೋಕೆ ಆಗೋದೇ ಅದರಿಂದ. ಹಾಲಿನ ಲ್ಯಾಕ್ಟೋಸ್ ಕೂಡ ಇದೇ ಕೆಲಸ ಮಾಡುತ್ತೆ, ಲೀಟರಿಗೆ ಸುಮಾರು 48 ಗ್ರಾಂ ಇರುತ್ತೆ. ಸಕ್ಕರೆ ದ್ರಾವಣದ ಫ್ರೀಜಿಂಗ್ ಕರ್ವ್ ನೋಡಿದರೆ −12ರಲ್ಲಿ ಉಳಿಯುವ ಪಾಕ ನೂರಕ್ಕೆ ಸುಮಾರು 59 ಸಕ್ಕರೆ. ಎರಡೂ ಸಕ್ಕರೆ ಸೇರಿ 108 ಗ್ರಾಂ ಅಂದರೆ, ಅದು ಹಿಡಿದಿಟ್ಟುಕೊಳ್ಳೋದು ಬರೀ 75 ಗ್ರಾಂ ನೀರನ್ನು. ಮಿಕ್ಕ 640 ಗ್ರಾಂ ಐಸ್! ನಮ್ಮ ಕುಲ್ಫಿಯ ತೂಕದ ನೂರಕ್ಕೆ 70ರಷ್ಟು ಐಸೇ ಆಗಿತ್ತು. ಜೂನಿಯರ್ ಹೇಳಿದ್ದು ಅಕ್ಷರಶಃ ಸತ್ಯ.

ಹಾಗಂತ ಸಕ್ಕರೆ ಸುರಿದರೆ ಸರಿಹೋಗಲ್ಲ. ಸಿಹಿ ಜಾಸ್ತಿ ಆಗೋದು ಇರಲಿ, ಕುಲ್ಫಿ ಗಟ್ಟಿಯಾಗೋದೇ ಇಲ್ಲ, ಅಚ್ಚಿನಿಂದ ತೆಗೆದ ಕೂಡಲೇ ಕಡ್ಡಿಯಿಂದ ಜಾರುತ್ತೆ. ಕೊಬ್ಬಿನದು ಬೇರೆ ಕಥೆ. ಅದು ನೀರಿನಲ್ಲಿ ಕರಗಲ್ಲ, ಹಾಗಾಗಿ ಹೆಪ್ಪುಗಟ್ಟುವ ಬಿಂದುವಿಗೆ ಅದರಿಂದ ಏನೂ ಆಗಲ್ಲ. ಅದು ಮಾಡೋದು ನೀರಿನ ಜಾಗವನ್ನು ತಾನು ತಗೊಳ್ಳೋದು, ನಾಲಿಗೆ ಮೇಲೆ ಸವರಿಕೊಂಡು ಹರಳು ಚುಚ್ಚೋದನ್ನ ಮರೆಸೋದು.

ಇನ್ನು ತಿರುವೋ ವಿಷಯ. ಐಸ್ ಕ್ರೀಮ್ ಮೆಷೀನ್‌ನಲ್ಲಿ ತುಂಬ ತಣ್ಣಗಿರೋ ಗೋಡೆಗೆ ತೆಳುವಾಗಿ ಐಸ್ ಕಟ್ಟುತ್ತಿದ್ದ ಹಾಗೇ ಬ್ಲೇಡ್ ಅದನ್ನ ಕೆರೆದು ಒಳಗೆ ಸೇರಿಸುತ್ತೆ. ಲಕ್ಷಾಂತರ ಪುಟ್ಟ ಹರಳು ಹುಟ್ಟುತ್ತವೆ, ಯಾವುದಕ್ಕೂ ದೊಡ್ಡದಾಗೋಕೆ ನೀರು ಉಳಿಯಲ್ಲ. ಹರಳು 50 ಮೈಕ್ರಾನ್ ದಾಟಿದರೆ ನಾಲಿಗೆಗೆ ತಿಳಿಯೋಕೆ ಶುರುವಾಗುತ್ತೆ. ಒಳ್ಳೆ ಐಸ್ ಕ್ರೀಮ್‌ನಲ್ಲಿ ಅದಕ್ಕಿಂತ ಚಿಕ್ಕದಿರುತ್ತೆ. ಮೆಷೀನ್ ಇಲ್ಲದೆ ಐಸ್ ಕ್ರೀಮ್ ಮಾಡೋರು ಅರ್ಧರ್ಧ ಗಂಟೆಗೆ ಹೊರಗೆ ತೆಗೆದು ಕಡೆಯೋದು ಇದಕ್ಕೇ. ಕುಲ್ಫಿಯನ್ನು ಅಚ್ಚಿಗೆ ಹಾಕಿದ ಮೇಲೆ ಕೈಯಾಡಿಸಲ್ಲ. ಅಲ್ಲಿ ಬ್ಲೇಡಿನ ಕೆಲಸವನ್ನು ಒಲೆ ಮೇಲೆ ಮೊದಲೇ ಮುಗಿಸಬೇಕು, ನೀರನ್ನೇ ಕಮ್ಮಿ ಮಾಡಿ. ಅದನ್ನ ಬಿಟ್ಟು ಆಮೇಲೆ ಫ್ರೀಜರ್‌ನ ಬೈದರೆ ಏನು ಬಂತು?

ಆದರೆ ಫ್ರೀಜರ್ ಪೂರ್ತಿ ನಿರ್ದೋಷಿ ಅಲ್ಲ. ನಾವು ಕುಲ್ಫಿ ಇಟ್ಟಿದ್ದು ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ನಮ್ಮ ಬಾಡಿಗೆ ಮನೆಯ ಸಿಂಗಲ್ ಡೋರ್ ಫ್ರಿಜ್‌ನಲ್ಲಿ. 45 ಲೋಟ ಬೆಚ್ಚಗಿನ ಹಾಲು ಒಟ್ಟಿಗೆ ನುಗ್ಗಿಸಿದರೆ ಆ ಪುಟ್ಟ ಫ್ರೀಜರ್ ಮೇಲೆ ಬರೋಕೇ ರಾತ್ರಿಯಿಡೀ ಬೇಕು. ನಿಧಾನಕ್ಕೆ ಹೆಪ್ಪುಗಟ್ಟಿದರೆ ಹರಳು ಕಮ್ಮಿ, ಆದರೆ ದೊಡ್ಡವು. ಬೆಳಗ್ಗೆ ಎರಡು ಗಂಟೆ ಕರೆಂಟ್ ಬೇರೆ ಹೋಯ್ತು. ಆಗ −12ರಿಂದ −6ಕ್ಕೆ ಏರಿದ್ದರೆ ಸಾಕು, ಕುಲ್ಫಿ ಕರಗಿದ ಹಾಗೆ ಕಾಣಲ್ಲ, ಆದರೆ ಒಳಗೆ ಲೀಟರ್ ಹಾಲಿನ ಲೆಕ್ಕಕ್ಕೆ ಐವತ್ತು ಅರವತ್ತು ಗ್ರಾಂ ಐಸ್ ನೀರಾಗಿರುತ್ತೆ. ಮೊದಲು ಕರಗೋದು ಪುಟ್ಟ ಹರಳುಗಳು. ಕರೆಂಟ್ ಬಂದಾಗ ಆ ನೀರು ಹೊಸ ಹರಳಾಗಲ್ಲ, ಉಳಿದ ದೊಡ್ಡ ಹರಳಿಗೆ ಅಂಟಿಕೊಳ್ಳುತ್ತೆ. ಹೀಗೆ ಪ್ರತಿ ಸಲವೂ ದೊಡ್ಡದು ಇನ್ನೂ ದೊಡ್ಡದಾಗುತ್ತೆ. ಫ್ರಾಸ್ಟ್ ಫ್ರೀ ಫ್ರಿಜ್ ಇದ್ದರೂ ತಪ್ಪಿದ್ದಲ್ಲ, ಅದರ ಡಿಫ್ರಾಸ್ಟ್ ಹೀಟರ್ ಆಗಾಗ ಆನ್ ಆದಾಗ ಇದೇ ಸಣ್ಣ ಪ್ರಮಾಣದಲ್ಲಿ ನಡೆಯುತ್ತೆ.

ವಾರ್ಷಿಕೋತ್ಸವಕ್ಕೆ ಮತ್ತೆ ಮಾಡಿದ್ವಿ. ಅದೇ 45 ಕುಲ್ಫಿಗೆ ಮೊದಲ ಸಲ 3 ಲೀಟರ್ ಹಾಲು ಹಾಕಿ "ಉಳಿತಾಯ" ಮಾಡಿದ್ವಿ. ಈ ಸಲ 5 ಲೀಟರ್. ಅಗಲ ಬಾಯಿಯ, ದಪ್ಪ ತಳದ ಪಾತ್ರೆಯನ್ನು ಮೊದಲು ಖಾಲಿ ತೂಗಿದ್ವಿ. ಹಾಲು 5.15 ಕೆಜಿಯಿಂದ 2.35 ಕೆಜಿಗೆ ಇಳಿಯೋವರೆಗೆ ಒಲೆ ಆರಿಸಬಾರದು ಅನ್ನೋದು ನಿಯಮ. 2.8 ಕೆಜಿ ನೀರು ಆವಿಯಾಗಬೇಕು, ಕೆಜಿಗೆ 2260 ಕಿಲೋಜೌಲ್. ಒಲೆಯಿಂದ ಹಾಲಿಗೆ ಒಂದು ಕಿಲೋವ್ಯಾಟ್ ಸೇರುತ್ತೆ ಅಂದುಕೊಂಡರೂ 105 ನಿಮಿಷ. ನಿಜಕ್ಕೂ ಎರಡು ಗಂಟೆ ಹಿಡೀತು, ತಳ ಹಿಡಿಯದ ಹಾಗೆ ಸರದಿ ಮೇಲೆ ಕೈಯಾಡಿಸಿದ್ವಿ. ಕೊನೆಗೆ 350 ಗ್ರಾಂ ಸಕ್ಕರೆ, ಏಲಕ್ಕಿ. ಈಗ ನೀರು ನೂರಕ್ಕೆ 62, ಕೊಬ್ಬು 8.5. ಅದೇ −12ರಲ್ಲಿ ಐಸ್ ಲೆಕ್ಕ ನೂರಕ್ಕೆ 70ರಿಂದ 47ಕ್ಕೆ ಇಳೀತು. ಇಡೀ ರಾತ್ರಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ತಣ್ಣಗಾಗಿಸಿದ್ವಿ.

ಹೆಪ್ಪುಗಟ್ಟಿಸೋಕೆ ಫ್ರೀಜರ್ ಬಿಟ್ಟು, ನಮ್ಮ ರಸ್ತೆಗೆ ರಾತ್ರಿ ಬರೋ ಮಟಕಾ ಕುಲ್ಫಿ ಗಾಡಿಯವರ ದಾರಿ ಹಿಡಿದ್ವಿ. "ಮೂರು ಪಾಲು ಐಸ್, ಒಂದು ಪಾಲು ಕಲ್ಲುಪ್ಪು, ಆಗಾಗ ಮಡಕೆ ಅಲ್ಲಾಡಿಸ್ತಾ ಇರಿ" ಅಂದ್ರು ಅವರು. ಐಸ್ ಮತ್ತು ಉಪ್ಪು ಸೇರಿದರೆ ಸಿದ್ಧಾಂತದಲ್ಲಿ −21ರವರೆಗೆ ಇಳಿಯುತ್ತೆ. ನಮ್ಮ ಥರ್ಮಾಮೀಟರ್ −16 ತೋರಿಸ್ತು. ಅಚ್ಚು ಅಲ್ಯೂಮಿನಿಯಂದಾ ಸ್ಟೀಲ್‌ದಾ ಅಂತ ಮೆಕ್ಯಾನಿಕಲ್ ಗೆಳೆಯರು ಜಗಳ ಆಡಿದ್ರು, ಆದರೆ ತೆಳು ಅಚ್ಚಿನಲ್ಲಿ ಅದು ಅಷ್ಟೇನೂ ಮುಖ್ಯ ಅಲ್ಲ. ಫ್ರೀಜರ್‌ನಲ್ಲಿ ಶಾಖ ಹೊರಗೆ ಹೋಗೋಕೆ ತಡೆ ಆಗೋದು ಸುತ್ತಲಿನ ನಿಂತ ಗಾಳಿ. ಉಪ್ಪುನೀರು ಅಚ್ಚಿಗೆ ಅಂಟಿಕೊಂಡೇ ಇರುತ್ತೆ, ಅಲ್ಲಾಡಿಸಿದರೆ ಇನ್ನೂ ಬೇಗ ಶಾಖ ಎಳೆಯುತ್ತೆ. ಮಡಕೆಯಲ್ಲಿ ಐಸ್ ತುಣುಕು ಇರೋವರೆಗೆ ಕರೆಂಟ್ ಹೋದರೂ ಚಿಂತೆ ಇಲ್ಲ. ಒಂದೇ ಎಚ್ಚರ, ಮುಚ್ಚಳದ ಅಂಚಿಗೆ ಮೈದಾ ಹಿಟ್ಟು ಮೆತ್ತಬೇಕು, ಇಲ್ಲಾಂದ್ರೆ ಉಪ್ಪು ಕುಲ್ಫಿ.

ಈ ಸಲ 45ಕ್ಕೆ 45 ಖರ್ಚಾಯ್ತು. ಉಳಿದಿದ್ದರೆ ಇನ್ನೊಂದು ತೊಂದರೆ ಕಾಣ್ತಿತ್ತು. ಹಾಲನ್ನು ಇಷ್ಟು ಬತ್ತಿಸಿದಾಗ ನೀರಿಗೆ ಹೋಲಿಸಿದರೆ ಲ್ಯಾಕ್ಟೋಸ್ ಅತಿಯಾಗುತ್ತೆ, ವಾರಗಟ್ಟಲೆ ಇಟ್ಟರೆ ಅದೇ ಹರಳಾಗಿ ಬೀಳುತ್ತೆ. ಗುರುತಿಸೋದು ಸುಲಭ. ಐಸ್ ಹರಳು ನಾಲಿಗೆ ಮೇಲೆ ತಕ್ಷಣ ಕರಗುತ್ತೆ, ಲ್ಯಾಕ್ಟೋಸ್ ಹರಳು ಸಣ್ಣ ಮರಳಿನ ಹಾಗೆ ಸ್ವಲ್ಪ ಹೊತ್ತು ಉಳಿಯುತ್ತೆ. ಅದಕ್ಕೇ ಅರ್ಧಕ್ಕಿಂತ ತುಂಬ ಕೆಳಗೆ ಬತ್ತಿಸೋಕೆ ಹೋಗಬೇಡಿ, ಮಾಡಿದ್ದನ್ನ ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ.