ಆಯ್ಕೆಯ ದಿನದ ಮರುದಿನ: ಒಂದು ಪತ್ರದ ಅಧ್ಯಯನ

ಪೀಠಿಕೆ

ನಮ್ಮ ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಪಾಠಕ್ಕೆ ಮೊದಲು ಏನು ಮಾಡಬೇಕು, ಪಾಠದ ನಡುವೆ ಏನು ಮಾಡಬೇಕು ಎಂಬುದಕ್ಕೆ ಪುಟಗಳಿವೆ. ನಮ್ಮನ್ನೇ ಒಂದು ದಿನವಿಡೀ ಪರೀಕ್ಷಿಸಿದವರಿಗೆ ಮರುದಿನ ಏನು ಬರೆಯಬೇಕು ಎಂಬುದಕ್ಕೆ ಪುಟವಿಲ್ಲ. ಬಿ.ಎಡ್. ಕೊನೆಯ ಸೆಮಿಸ್ಟರಿನಲ್ಲಿ ನನಗೆ ಅದರ ಅಗತ್ಯ ಬಿತ್ತು. ನಾನು ಮೊದಲು ಬರೆದ ಪತ್ರ, ತಿದ್ದಿದ ಪತ್ರ, ಆಮೇಲೆ ನಡೆದದ್ದು ಎಲ್ಲವನ್ನೂ ಇಲ್ಲಿ ಇಟ್ಟಿದ್ದೇನೆ.

ಆ ಶನಿವಾರ

ನನ್ನ ಮನೆ ಸಂತೆಕಟ್ಟೆಯಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕರ ಆಯ್ಕೆ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ವಿಷಯದ ಲಿಖಿತ ಪರೀಕ್ಷೆ. ಅದಾದ ಮೇಲೆ ಎಂಟನೇ ತರಗತಿಗೆ ಹದಿನೈದು ನಿಮಿಷದ ಪ್ರಾತ್ಯಕ್ಷಿಕೆ ಪಾಠ. ಮಧ್ಯಾಹ್ನ ಆರು ಮಂದಿಯ ಗುಂಪು ಚರ್ಚೆ, ನಂತರ ವಿದ್ಯಾರ್ಥಿಯೊಬ್ಬನ ಉತ್ತರ ಪತ್ರಿಕೆ ತಿದ್ದುವ ಕೆಲಸ, ಕೊನೆಗೆ ಸಂದರ್ಶನ. ಐದು ಚಟುವಟಿಕೆ, ಐದು ಕೊಠಡಿ. ಪ್ರತಿ ಕೊಠಡಿಯಲ್ಲೂ ಬೇರೆ ಪರಿವೀಕ್ಷಕರು, ಬೇರೆ ಅಂಕಪಟ್ಟಿ. ಸಂಜೆ ಹೊರಡುವಾಗ “ತಿಳಿಸುತ್ತೇವೆ” ಎಂದರು. ಯಾವಾಗ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ದಿನಾಂಕ ತಿಳಿಯಲೇಬೇಕಿತ್ತು. ಕಾಪು ಕಡೆಯ ಇನ್ನೊಂದು ಶಾಲೆಯವರು ಹಿಂದಿನ ದಿನವಷ್ಟೇ ಫೋನ್ ಮಾಡಿ ಕೆಲಸ ಕೊಡುತ್ತೇವೆ ಎಂದಿದ್ದರು. ಮುಂದಿನ ಶನಿವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಸಂಬಳ ಅಲ್ಲಿ ಕಡಿಮೆ, ದಾರಿಯೂ ದೂರ. ಆದರೂ ಜೂನ್‌ನಿಂದ ನಾನು ದುಡಿಯುತ್ತೇನೆ ಎಂಬ ನಂಬಿಕೆಯ ಮೇಲೆ ಅಪ್ಪ ತಮ್ಮನ ಕಾಲೇಜು ಫೀಸಿಗೆ ಸಾಲ ಮಾತಾಡಿದ್ದರು. ಎರಡೂ ಕಡೆ ಕೈತಪ್ಪುವ ಸ್ಥಿತಿ ನನಗೆ ಬೇಡವಾಗಿತ್ತು.

ಬಸ್ ನಿಲ್ದಾಣದಲ್ಲಿ ಕಲಿತದ್ದು

ಮರಳುವಾಗ ಬಸ್ ನಿಲ್ದಾಣದಲ್ಲಿ ನನ್ನ ಪಾಠ ನೋಡಿದ್ದ ಪರಿವೀಕ್ಷಕರೇ ನಿಂತಿದ್ದರು. ನಿವೃತ್ತ ಶಿಕ್ಷಕರು, ಹೊರಗಿನಿಂದ ಕರೆಸಿದವರು. ನಮಸ್ಕಾರ ಹೇಳಿ, ತಡೆಯಲಾರದೆ ಕೇಳಿಯೇಬಿಟ್ಟೆ: “ಸರ್, ನನ್ನದು ಹೇಗಾಯಿತು?”

“ನಾನು ನಿಮ್ಮ ಪಾಠ ಮಾತ್ರ ನೋಡಿದ್ದು ಮಾರಾಯ್ರೆ. ಉಳಿದ ನಾಲ್ಕು ಕೋಣೆಯಲ್ಲಿ ಏನಾಯ್ತು ಅಂತ ನನಗೇ ಗೊತ್ತಿಲ್ಲ. ನಾನು ಏನು ಹೇಳಿದರೂ ಅದು ಸುಳ್ಳಾದೀತು.”

ಈ ಮಾತಿನಲ್ಲೇ ಇಂಥ ಆಯ್ಕೆಯ ಒಳಗಿನ ಕ್ರಮ ಇದೆ. ಹಲವು ಚಟುವಟಿಕೆ ಇಡುವುದೇ ಒಬ್ಬರ ಅಭಿಪ್ರಾಯ ತೀರ್ಪಾಗದಿರಲಿ ಎಂದು. ಪಾಠ ಚೆನ್ನಾಗಿ ಮಾಡಿದವರು ಉತ್ತರ ಪತ್ರಿಕೆ ತಿದ್ದುವಾಗ ಎಡವಬಹುದು. ಚರ್ಚೆಯಲ್ಲಿ ಮೌನವಾಗಿದ್ದವರು ತರಗತಿಯಲ್ಲಿ ಮಕ್ಕಳನ್ನು ಮಾತಾಡಿಸಬಹುದು. ಆದ್ದರಿಂದ ಎಲ್ಲ ಅಂಕಪಟ್ಟಿಗಳೂ ಒಂದೇ ಮೇಜಿಗೆ ಬಂದು, ಪರಿವೀಕ್ಷಕರು ಒಟ್ಟಿಗೆ ಕೂತು ಮಾತಾಡಿದ ಮೇಲೆಯೇ ಫಲಿತಾಂಶ ಹುಟ್ಟುತ್ತದೆ. ಅದಕ್ಕೂ ಮೊದಲು ಲಿಖಿತ ಪತ್ರಿಕೆಗಳ ಮೌಲ್ಯಮಾಪನ ಮುಗಿಯಬೇಕು, ಆಮೇಲೆ ಆಡಳಿತ ಮಂಡಳಿ ಒಪ್ಪಬೇಕು. ಶನಿವಾರ ಸಂಜೆ ನನ್ನ ಫಲಿತಾಂಶವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅದು ಇನ್ನೂ ಇರಲೇ ಇಲ್ಲ.

ಹಾಗಾದರೆ ಪರಿವೀಕ್ಷಕರನ್ನು ಒಬ್ಬೊಬ್ಬರಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಪತ್ರ ಹೋಗಬೇಕಾದದ್ದು ದಿನವನ್ನು ಸಂಯೋಜಿಸಿದವರಿಗೆ. ಕೇಳಬೇಕಾದ ಪ್ರಶ್ನೆ “ಆಯ್ಕೆಯಾದೆನೇ?” ಎಂಬುದಲ್ಲ, “ಯಾವ ದಿನ, ಯಾವ ರೀತಿಯಲ್ಲಿ ತಿಳಿಸುತ್ತೀರಿ?” ಎಂಬುದು. ಮೊದಲ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ.

ಮೊದಲ ಕರಡು

ಇಷ್ಟು ತಿಳಿದಿದ್ದರೂ ಭಾನುವಾರ ನಾನು ಬರೆದ ಕರಡು ಹೀಗಿತ್ತು:

“ನನಗೆ ಇಂತಹ ಅಮೂಲ್ಯ ಅವಕಾಶ ಕೊಟ್ಟ ತಮಗೆಲ್ಲ ಅನಂತ ಧನ್ಯವಾದಗಳು. ಗುಂಪು ಚರ್ಚೆಯಲ್ಲಿ ನನಗೆ ಮಾತಾಡಲು ಸಮಯ ಸಿಗಲಿಲ್ಲ, ಅದನ್ನು ದಯವಿಟ್ಟು ಪರಿಗಣಿಸಬೇಕು. ನನಗೆ ಬೇರೆ ಕಡೆಯಿಂದಲೂ ಕರೆ ಬಂದಿರುವುದರಿಂದ ಆದಷ್ಟು ಬೇಗ ಫಲಿತಾಂಶ ತಿಳಿಸಬೇಕಾಗಿ ವಿನಂತಿ.”

ನಮ್ಮ ಗಣಿತ ಬೋಧನಾ ವಿಧಾನದ ಮೇಡಂ ಓದಿ ಮೂರು ಕಡೆ ಪೆನ್ಸಿಲ್ ಇಟ್ಟರು. ‘ಅಮೂಲ್ಯ ಅವಕಾಶ’ ಯಾವ ಶಾಲೆಗಾದರೂ ಹೊಂದುತ್ತದೆ, ನೀವು ಅಲ್ಲಿ ಇದ್ದಿರಿ ಎಂಬುದಕ್ಕೆ ಅದರಲ್ಲಿ ಗುರುತಿಲ್ಲ ಎಂದರು. ಎರಡನೆಯ ವಾಕ್ಯ ಪರೀಕ್ಷೆ ಮುಗಿದ ಮೇಲೆ ಹೆಚ್ಚುವರಿ ಹಾಳೆ ಕೇಳಿದಂತೆ. ಅದನ್ನು ಪರಿಗಣಿಸಿದರೆ ಉಳಿದ ಐವರಿಗೆ ಅನ್ಯಾಯ, ಪರಿಗಣಿಸದಿದ್ದರೆ ಬರೆದದ್ದು ವ್ಯರ್ಥ. ಮೂರನೆಯದರ ಬಗ್ಗೆ ಅವರು ಹೇಳಿದ್ದು: “ಬೇಗ ಅಂದರೆ ಎಷ್ಟು ಬೇಗ? ನಿಮ್ಮ ದಿನಾಂಕ ಹೇಳಿ. ದಿನಾಂಕ ಹೇಳಿದರೆ ಅದು ಮಾಹಿತಿ. ಹೇಳದೆ ‘ಬೇರೆ ಕರೆ ಬಂದಿದೆ’ ಅಂದರೆ ಬೆದರಿಕೆ ಹಾಗೆ ಕೇಳುತ್ತದೆ.”

ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಬೇರೆ ಕೆಲಸದ ಮಾತು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಅವಸರಪಡಿಸಲು ಕಟ್ಟಿದ ಕತೆಯಾದರೆ, “ಹಾಗಿದ್ದರೆ ಅದನ್ನೇ ಒಪ್ಪಿಕೊಳ್ಳಿ” ಎಂಬ ಉತ್ತರ ಬಂದಾಗ ಹಿಂದೆ ಸರಿಯಲು ದಾರಿ ಇರುವುದಿಲ್ಲ.

ಕಳುಹಿಸಿದ ಪತ್ರ

ಸೋಮವಾರ ಬೆಳಿಗ್ಗೆ ಶಾಲೆಯ ಕಚೇರಿಯ ಇಮೇಲ್ ವಿಳಾಸಕ್ಕೆ, ಸಂಯೋಜಕರ ಗಮನಕ್ಕೆ ಎಂದು ಬರೆದು ಹೀಗೆ ಕಳುಹಿಸಿದೆ:

ಮಾನ್ಯರೇ,

ವಿಷಯ: ಆಯ್ಕೆ ಪ್ರಕ್ರಿಯೆಗೆ ಕೃತಜ್ಞತೆ ಮತ್ತು ಫಲಿತಾಂಶದ ದಿನಾಂಕದ ಕುರಿತು.
ಉಲ್ಲೇಖ: ಕಳೆದ ಶನಿವಾರ ನಡೆದ ಗಣಿತ ಶಿಕ್ಷಕರ ಆಯ್ಕೆ, ನೋಂದಣಿ ಸಂಖ್ಯೆ 14.

ಶನಿವಾರದ ಐದೂ ಚಟುವಟಿಕೆಗಳನ್ನು ಹೇಳಿದ ಸಮಯಕ್ಕೆ ಸರಿಯಾಗಿ ನಡೆಸಿಕೊಟ್ಟ ತಮಗೂ ಎಲ್ಲ ಪರಿವೀಕ್ಷಕರಿಗೂ ಕೃತಜ್ಞತೆಗಳು. ನನ್ನ ಪಾಠದಲ್ಲಿ 3x + 7 = 22 ಬಿಡಿಸುವಾಗ, 7 ಆ ಕಡೆಗೆ ಹೋದಾಗ ಚಿಹ್ನೆ ಬದಲಾಗುತ್ತದೆ ಎಂದು ಹೇಳಿದ್ದೆ. ಎರಡೂ ಕಡೆಯಿಂದ 7 ಕಳೆಯುವುದನ್ನು ಮೊದಲು ತೋರಿಸಬೇಕಿತ್ತು ಎಂದು ಪಾಠದ ಪರಿವೀಕ್ಷಕರು ತಿಳಿಸಿದರು. ಆ ಸೂಚನೆಗೆ ಋಣಿ.

ಫಲಿತಾಂಶವನ್ನು ಯಾವ ದಿನ, ಯಾವ ರೀತಿಯಲ್ಲಿ ತಿಳಿಸಲಾಗುವುದು ಎಂದು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಇನ್ನೊಂದು ಶಾಲೆಗೆ ನಾನು ಬರುವ ಶನಿವಾರದೊಳಗೆ ಉತ್ತರ ಕೊಡಬೇಕಿದೆ. ತಮ್ಮ ಕ್ರಮವನ್ನು ಬದಲಿಸಬೇಕೆಂಬುದು ನನ್ನ ಕೋರಿಕೆಯಲ್ಲ, ದಿನ ತಿಳಿದರೆ ನಿರ್ಧಾರಕ್ಕೆ ಅನುಕೂಲ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ

ಪತ್ರದ ಕೆಳಗೆ ಹೆಸರು, ಫೋನ್ ಸಂಖ್ಯೆ. ಸಮೀಕರಣದ ವಾಕ್ಯ ಇರಲೋ ಬೇಡವೋ ಎಂದು ತುಂಬ ಯೋಚಿಸಿದ್ದೆ. ನನ್ನ ತಪ್ಪನ್ನು ನಾನೇ ನೆನಪಿಸಿದಂತಾಗುವುದಿಲ್ಲವೇ? ಮೇಡಂ ಹೇಳಿದರು, ಆ ತಪ್ಪು ಅಂಕಪಟ್ಟಿಯಲ್ಲಿ ಆಗಲೇ ಇದೆ. ನೀವು ಅದನ್ನು ಕೇಳಿಸಿಕೊಂಡಿರಿ ಎಂಬುದು ಮಾತ್ರ ಹೊಸದು. ಹಾಗೆಂದು ಅದು ಅಂಕ ಹೆಚ್ಚಿಸುವ ಉಪಾಯವೂ ಅಲ್ಲ. ಪಟ್ಟಿಗಳು ಶನಿವಾರವೇ ಸಹಿಯಾಗಿದ್ದವು.

ಉತ್ತರ ಬಂದ ಮೇಲೆ

ಮಂಗಳವಾರ ಎರಡು ಸಾಲಿನ ಉತ್ತರ ಬಂತು. ಫಲಿತಾಂಶ ಮುಂದಿನ ವಾರದ ಗುರುವಾರ, ಇಮೇಲ್ ಮೂಲಕ. ಅಂದರೆ ಕಾಪುವಿನ ಗಡುವಿಗಿಂತ ಐದು ದಿನ ತಡ. ನಾನು ಕಾಪುವಿನ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಶುಕ್ರವಾರದವರೆಗೆ ಸಮಯ ಸಿಗಬಹುದೇ ಎಂದು ಕಾರಣ ಸಹಿತ ಕೇಳಿದೆ. ವೇಳಾಪಟ್ಟಿ ಮಾಡಲಿಕ್ಕಿದೆ, ಸೋಮವಾರದವರೆಗೆ ಕಾಯಬಹುದು, ಅದಕ್ಕಿಂತ ಆಗುವುದಿಲ್ಲ ಎಂದರು.

ಸೋಮವಾರ ನಾನು ಕಾಪುವಿನ ಕೆಲಸ ಒಪ್ಪಿಕೊಂಡೆ. ಅದೇ ಮಧ್ಯಾಹ್ನ ಮೊದಲ ಶಾಲೆಗೆ ಮೂರು ವಾಕ್ಯ ಬರೆದು, ಆಯ್ಕೆಯಿಂದ ನನ್ನ ಹೆಸರು ಕೈಬಿಡುವಂತೆ ಕೋರಿದೆ. ಗುರುವಾರ ಫಲಿತಾಂಶ ಬಂದದ್ದು ಸಹಪಾಠಿಯಿಂದ ತಿಳಿಯಿತು. ನನ್ನ ಸ್ಥಾನ ಎಲ್ಲಿರುತ್ತಿತ್ತೋ ನನಗೆ ತಿಳಿಯದು. ಪತ್ರ ನನಗೆ ಕೆಲಸ ಕೊಡಿಸಲಿಲ್ಲ. ಆದರೆ ದಿನಾಂಕ ತಿಳಿಯದಿದ್ದರೆ ಇಂದು ಬರಬಹುದು, ನಾಳೆ ಬರಬಹುದು ಎನ್ನುತ್ತ ಆ ಸೋಮವಾರವನ್ನು ಕಳೆದುಕೊಳ್ಳುತ್ತಿದ್ದೆ.

ಎಲ್ಲಿ ಬರೆಯಬಾರದು

ಕಿರಿಯ ಪ್ರಶಿಕ್ಷಣಾರ್ಥಿಗಳ ಜೊತೆ ಈ ಪತ್ರವನ್ನು ಒಂದು ಅವಧಿ ಚರ್ಚಿಸಿದಾಗ ಒಬ್ಬರು ಕೇಳಿದರು: “ಹಾಗಾದರೆ ನಮ್ಮ ಅಂತಿಮ ಪ್ರಾಯೋಗಿಕ ಪರೀಕ್ಷೆಯ ಬಾಹ್ಯ ಪರೀಕ್ಷಕರಿಗೂ ಬರೆಯೋಣವೇ?” ಬೇಡ. ಅಲ್ಲಿಯೂ ಪಾಠ, ದಾಖಲೆ, ಮೌಖಿಕ ಎಂದು ಹಲವು ಅಂಗಗಳಿವೆ. ಆದರೆ ಅಂಕಗಳು ವಿಶ್ವವಿದ್ಯಾನಿಲಯಕ್ಕೆ ಹೋಗುತ್ತವೆ, ಫಲಿತಾಂಶ ಪ್ರಕಟಿಸುವುದೂ ಅದೇ. ಪರೀಕ್ಷಕರಿಗೆ ಖಾಸಗಿಯಾಗಿ ಬರೆದರೆ ಕೃತಜ್ಞತೆಯೂ ಪ್ರಭಾವ ಬೀರುವ ಯತ್ನದಂತೆ ಕಾಣುತ್ತದೆ. ಕೊಠಡಿಯಿಂದ ಹೊರಡುವಾಗ ಹೇಳುವ ವಂದನೆ ಸಾಕು. ಸರ್ಕಾರಿ ಶಿಕ್ಷಕರ ನೇಮಕಾತಿಯಲ್ಲೂ ಕೀ ಉತ್ತರ, ಆಕ್ಷೇಪಣೆಯ ಅವಧಿ, ತಾತ್ಕಾಲಿಕ ಪಟ್ಟಿ, ಅಂತಿಮ ಪಟ್ಟಿ ಎಲ್ಲವೂ ಪ್ರಕಟಣೆಯಲ್ಲೇ ಬರುತ್ತವೆ. ಅಲ್ಲಿ ಬೇಕಾದದ್ದು ಪ್ರಕಟಣೆಯನ್ನು ತಪ್ಪದೆ ನೋಡುವುದು.

ಎನ್.ಸಿ.ಸಿ.ಯಲ್ಲಿದ್ದ ಸಹಪಾಠಿಯೊಬ್ಬರು ಇನ್ನೊಂದು ಉದಾಹರಣೆ ಕೊಟ್ಟರು. ಸೇನೆಯ ಅಧಿಕಾರಿಗಳ ಆಯ್ಕೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಅಲ್ಲಿ ಐದು ದಿನ ಮನಃಶಾಸ್ತ್ರಜ್ಞರು, ಗುಂಪು ಚಟುವಟಿಕೆಯ ಅಧಿಕಾರಿ, ಸಂದರ್ಶನಾಧಿಕಾರಿ ಬೇರೆ ಬೇರೆಯಾಗಿ ಅಳೆಯುತ್ತಾರೆ. ಕೊನೆಯ ದಿನ ಎಲ್ಲರೂ ಒಟ್ಟಾಗಿ ಕೂತು, ಮಂಡಳಿ ಯಾರನ್ನು ಶಿಫಾರಸು ಮಾಡಿದೆ ಎಂಬುದನ್ನು ಅಂದೇ ತಿಳಿಸುತ್ತಾರೆ. ಆ ತೀರ್ಮಾನಕ್ಕಾಗಿ ಪತ್ರ ಬರೆಯುವ ಪ್ರಶ್ನೆಯೇ ಅಲ್ಲಿಲ್ಲ. ನನಗೆ ಪತ್ರ ಬೇಕಾದದ್ದು ದಿನಾಂಕ ಎಲ್ಲಿಯೂ ಹೇಳದೆ ಉಳಿದಿದ್ದರಿಂದ.

ಅಭ್ಯಾಸ

ಆ ಅವಧಿಯಲ್ಲಿ ಕೊಟ್ಟ ಕೆಲಸವನ್ನೇ ಇಲ್ಲಿಯೂ ಕೊಡುತ್ತೇನೆ. ನೀವು ಕೊನೆಯ ಬಾರಿ ಪಾಠ ಮಾಡಿದಾಗ ಪರಿವೀಕ್ಷಕರು ಹೇಳಿದ ಒಂದು ಮಾತನ್ನು ನೆನಪಿಸಿಕೊಂಡು ಎರಡು ವಾಕ್ಯದ ಕೃತಜ್ಞತೆ ಬರೆಯಿರಿ. ಅನಂತರ ಆ ವಾಕ್ಯಗಳನ್ನು ಪಕ್ಕದವರ ಪಾಠಕ್ಕೆ ಹೊಂದಿಸಿ ನೋಡಿ. ಅಲ್ಲಿಗೂ ಹೊಂದಿದರೆ ಮತ್ತೆ ಬರೆಯಿರಿ. ಕೊನೆಗೆ ಫಲಿತಾಂಶದ ಬಗ್ಗೆ ಒಂದೇ ಪ್ರಶ್ನೆ ಬರೆದು, ಪತ್ರ ಪಡೆದವರು ಬೇರೆ ಯಾರನ್ನೂ ಕೇಳದೆ ಅದಕ್ಕೆ ಉತ್ತರಿಸಬಲ್ಲರೇ ಎಂದು ಪರೀಕ್ಷಿಸಿ. ನಮ್ಮ ಅವಧಿಯಲ್ಲಿ ಹೆಚ್ಚಿನವರು ಎಡವಿದ್ದು ಈ ಕೊನೆಯ ಹೆಜ್ಜೆಯಲ್ಲಿ.