ಉದ್ದದ ಉಪನ್ಯಾಸದಿಂದ ಕಿರುಪಾಠಗಳಿಗೆ: ಷಟ್ಪದಿಯ ಪಾಠವನ್ನು ವಿಂಗಡಿಸುವ ಕ್ರಮ

ತರಗತಿಯ 50 ನಿಮಿಷಗಳಿಗೆಂದು ಬರೆದ ಉಪನ್ಯಾಸವನ್ನು ಗಡಿಯಾರ ನೋಡಿ ಆರು ತುಂಡು ಮಾಡಿದರೆ ಆರು ಪಾಠಗಳು ದೊರೆಯುವುದಿಲ್ಲ. ದೊರೆಯುವುದು ಒಂದೇ ಉಪನ್ಯಾಸದ ಆರು ಚೂರುಗಳು. ಕಿರುಪಾಠವೆಂದರೆ ಒಂದೇ ಪ್ರಶ್ನೆಯನ್ನು ಎತ್ತಿಕೊಂಡು, ಅದಕ್ಕೆ ಉತ್ತರ ಕೊಟ್ಟು, ಆ ಉತ್ತರವನ್ನು ವಿದ್ಯಾರ್ಥಿ ತಾನೇ ಬಳಸಿ ನೋಡುವಷ್ಟು ಅವಕಾಶ ಮಾಡಿಕೊಡುವ ಸ್ವತಂತ್ರ ಘಟಕ. ಕನ್ನಡ ಛಂದಸ್ಸಿನ ಷಟ್ಪದಿ ಪಾಠವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಕೆಲಸದ ಹಂತಗಳು ಸ್ಪಷ್ಟವಾಗುತ್ತವೆ, ಏಕೆಂದರೆ ಅಲ್ಲಿ ಪ್ರತಿಯೊಂದು ವಿಷಯವೂ ಹಿಂದಿನದರ ಮೇಲೆ ನಿಂತಿರುತ್ತದೆ.

ಮೊದಲು ಮಾಡಬೇಕಾದದ್ದು ಕತ್ತರಿಸುವುದಲ್ಲ, ಗುರುತು ಹಾಕುವುದು. ಬರಹವನ್ನು ಪೂರ್ತಿ ಓದುತ್ತ, ‘ಆಗಲೇ ಹೇಳಿದಂತೆ’, ‘ಮೇಲಿನ ನಿಯಮದ ಪ್ರಕಾರ’, ‘ಇದನ್ನು ಮುಂದೆ ನೋಡೋಣ’ ಎಂಬಂತಹ ಮಾತುಗಳೆಲ್ಲಕ್ಕೂ ಅಡಿಗೆರೆ ಎಳೆಯಬೇಕು. ಇವು ಒಂದು ಭಾಗ ಇನ್ನೊಂದರ ಮೇಲೆ ಎಲ್ಲಿ ಒರಗಿದೆ ಎಂಬುದನ್ನು ತೋರಿಸುತ್ತವೆ. ಬಿಡಿಸಿದ ಮೇಲೆ ಅರ್ಥ ಕಳೆದುಕೊಳ್ಳುವ ವಾಕ್ಯಗಳೂ ಇವೇ. ಬಳಿಕ ಅಂಚಿನಲ್ಲಿ, ಯಾವುದನ್ನು ತಿಳಿಯದೆ ಯಾವುದು ತಿಳಿಯದು ಎಂದು ಬರೆದುಕೊಳ್ಳಬೇಕು. ಷಟ್ಪದಿಯ ಮಟ್ಟಿಗೆ ಆ ಸರಣಿ ಹೀಗಿದೆ: ಅಕ್ಷರವನ್ನು ಉಚ್ಚರಿಸಲು ಬೇಕಾದ ಕಾಲದ ಅಳತೆ ಮಾತ್ರೆ, ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು, ಮಾತ್ರೆಗಳನ್ನು ಮೂರು, ನಾಲ್ಕು ಅಥವಾ ಐದರಂತೆ ಗುಂಪು ಮಾಡಿದರೆ ಮಾತ್ರಾಗಣ, ಆ ಗಣಗಳಿಂದ ಕಟ್ಟಿದ ಆರು ಸಾಲುಗಳ ಪದ್ಯ ಷಟ್ಪದಿ.

ಈ ಸರಣಿಗೆ ಸೇರದ ಭಾಗಗಳು ಆಗ ತಾವಾಗಿ ಎದ್ದು ಕಾಣುತ್ತವೆ. ಛಂದಸ್ಸಿನ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ನಡುವೆ ಬರುವ ಅಕ್ಷರಗಣ, ಅಂದರೆ ಮೂರು ಮೂರು ಅಕ್ಷರಗಳ ಗುಂಪು, ವೃತ್ತಗಳಿಗೆ ಬೇಕಾದದ್ದೇ ಹೊರತು ಮಾತ್ರಾಷಟ್ಪದಿಗಲ್ಲ. ಎಷ್ಟೇ ಚೆನ್ನಾಗಿ ಬರೆದಿದ್ದರೂ ಅದನ್ನು ವೃತ್ತಗಳ ಪಾಠಮಾಲೆಗೆ ಎತ್ತಿಡುವುದೇ ಸರಿ. ಆರಂಭದ ಕವಿಪರಿಚಯವನ್ನೂ ಪ್ರತ್ಯೇಕ ಪಾಠವಾಗಿಸದೆ ಹಂಚಬೇಕು: ಕುಮಾರವ್ಯಾಸನ ಹೆಸರು ಭಾಮಿನಿ ಷಟ್ಪದಿಯ ಪಾಠಕ್ಕೂ, ‘ಜೈಮಿನಿ ಭಾರತ’ದ ಲಕ್ಷ್ಮೀಶನ ಹೆಸರು ವಾರ್ಧಕ ಷಟ್ಪದಿಯ ಪಾಠಕ್ಕೂ ಹೋದರೆ, ಹೆಸರು ಲಕ್ಷಣದೊಡನೆ ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯ ಹಂತ ಗಡಿಗಳನ್ನು ನಿಶ್ಚಯಿಸುವುದು. ಇಲ್ಲಿ ವಿಷಯದ ಹೆಸರಿಗಿಂತ ವಿದ್ಯಾರ್ಥಿಗಳು ಎಡವುವ ಜಾಗವೇ ಉತ್ತಮ ಮಾರ್ಗದರ್ಶಿ. ‘ಕನ್ನಡ’ ಎಂಬ ಪದಕ್ಕೆ ಪ್ರಸ್ತಾರ ಹಾಕಲು, ಅಂದರೆ ಪ್ರತಿ ಅಕ್ಷರದ ಮೇಲೆ ಲಘು ಗುರುಗಳ ಗುರುತು ಬರೆಯಲು ಹೇಳಿದಾಗ, ಹಲವರು ಒತ್ತಕ್ಷರವಾದ ‘ನ್ನ’ವನ್ನೇ ಗುರುವೆಂದು ಭಾವಿಸುತ್ತಾರೆ, ಆದರೆ ಗುರುವಾಗುವುದು ಒತ್ತಕ್ಷರದ ಹಿಂದಿನ ‘ಕ’. ಲಘು ಗುರುಗಳ ನಿಯಮಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುವ ಉಪನ್ಯಾಸದಲ್ಲಿ ಈ ತಪ್ಪು ಅಡಗಿಹೋಗಿ, ಕೊನೆಯಲ್ಲಿ ಮಾತ್ರೆಗಳ ಲೆಕ್ಕ ತಪ್ಪಿದಾಗ ಮಾತ್ರ ಹೊರಬೀಳುತ್ತದೆ. ಆದ್ದರಿಂದ ದೀರ್ಘಸ್ವರ, ಅನುಸ್ವಾರ, ವಿಸರ್ಗ ಮತ್ತು ವ್ಯಂಜನಾಂತ್ಯದ ಅಕ್ಷರಗಳು ಗುರು ಎಂಬುದು ಒಂದು ಪಾಠವಾದರೆ, ಒತ್ತಕ್ಷರದ ಹಿಂದಿನ ಅಕ್ಷರದ ನಿಯಮ ಅದರದೇ ಆದ ಇನ್ನೊಂದು ಪಾಠವಾಗಬೇಕು. ಹಳಗನ್ನಡದಲ್ಲಿ ತೇಲಿಸಿ ಉಚ್ಚರಿಸುವ ಶಿಥಿಲದ್ವಿತ್ವದ ಹಿಂದೆ ಲಘು ಲಘುವಾಗಿಯೇ ಉಳಿಯುವ ಅಪವಾದಕ್ಕೂ ಅಲ್ಲಿ ಜಾಗ ಸಿಗುತ್ತದೆ. ಮಾತ್ರೆಗಳ ಎಣಿಕೆ ಮತ್ತು ಮಾತ್ರಾಗಣ ಮೂರನೆಯದು, ಷಟ್ಪದಿಯ ಚೌಕಟ್ಟು ನಾಲ್ಕನೆಯದು, ಭಾಮಿನಿ ಐದನೆಯದು, ವಾರ್ಧಕ ಆರನೆಯದು.

ಉದ್ದದ ಪ್ರಶ್ನೆ ಇದಾದ ಮೇಲೆ ಬರಬೇಕು. ಎಡ್‌ಎಕ್ಸ್ ಜಾಲದ ವಿಡಿಯೊ ಪಾಠಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಾಠ ಎಷ್ಟೇ ಉದ್ದವಿರಲಿ ವಿದ್ಯಾರ್ಥಿಗಳು ನೋಡುವ ಅವಧಿಯ ಮಧ್ಯಾಂಕ ಆರು ನಿಮಿಷವನ್ನು ಮೀರುವುದಿಲ್ಲವೆಂದು ಕಂಡುಕೊಂಡಿತು. ಅದು ಎಷ್ಟು ಹೊತ್ತು ನೋಡಿದರು ಎಂಬುದರ ಅಳತೆಯೇ ಹೊರತು ಎಷ್ಟು ಕಲಿತರು ಎಂಬುದರ ಅಳತೆಯಲ್ಲವಾದ್ದರಿಂದ, ಆರು ನಿಮಿಷವನ್ನು ಗುರಿಯಾಗಿ ಇಟ್ಟುಕೊಳ್ಳಬಹುದು, ಕಟ್ಟುನಿಟ್ಟಿನ ಮಿತಿಯಾಗಿ ಅಲ್ಲ. ಬರಹದ ಒಂದು ಪುಟವನ್ನು ತರಗತಿಯ ವೇಗದಲ್ಲಿ ಗಟ್ಟಿಯಾಗಿ ಓದಿ ಅಳೆದಾಗ ನಿಮಿಷಕ್ಕೆ 90 ಪದಗಳಾದರೆ, ಆರು ನಿಮಿಷಕ್ಕೆ 540 ಪದಗಳು ಸಾಕಾಗುತ್ತವೆ. ಪ್ರಸ್ತಾರ ಹಾಕಿ ತೋರಿಸುವ ಮೌನದ ಹೊತ್ತನ್ನು ಅದರಿಂದ ಕಳೆಯಬೇಕು. ಒಂದು ಪೂರ್ಣ ಪದ್ಯದ ಪ್ರಸ್ತಾರಕ್ಕೆ ಒಂಬತ್ತು ನಿಮಿಷ ಹಿಡಿದರೂ ಅದನ್ನು ನಡುವೆ ಕಡಿಯಬಾರದು, ಏಕೆಂದರೆ ಮೂರನೆಯ ಸಾಲಿನ ನಡೆ ಆರನೆಯ ಸಾಲಿನಲ್ಲಿ ಮರಳುವುದನ್ನು ಕಂಡಾಗಲೇ ಷಟ್ಪದಿಯ ರಚನೆ ಮನಸ್ಸಿಗೆ ಇಳಿಯುತ್ತದೆ.

ಇನ್ನು ಮರುನೆನಪಿನ ಸಾಲು, ಅಂದರೆ ಪಾಠದ ಸಾರವನ್ನು ಒಂದು ವಾಕ್ಯದಲ್ಲಿ ಹಿಡಿದಿಡುವ ಮಾತು. ಇದನ್ನು ಬರೆಯುವಾಗ ಆಗುವ ಸಾಮಾನ್ಯ ದೋಷವೆಂದರೆ ಹೇಳಿದ್ದನ್ನು ಹೇಳದೆ ಅದರ ಶೀರ್ಷಿಕೆಯನ್ನಷ್ಟೇ ಹೇಳುವುದು. ‘ಈ ಪಾಠದಲ್ಲಿ ಷಟ್ಪದಿಯ ರಚನೆಯನ್ನು ತಿಳಿದುಕೊಂಡೆವು’ ಎಂಬ ವಾಕ್ಯದಿಂದ, ಪಾಠ ಕೇಳದವನಿಗೆ ಏನೂ ದಕ್ಕುವುದಿಲ್ಲ, ಕೇಳಿದವನಿಗೆ ಏನೂ ನೆನಪಾಗುವುದಿಲ್ಲ. ಅದರ ಬದಲು ‘ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮ, ಮೂರು ಮತ್ತು ಆರನೆಯ ಸಾಲುಗಳು ಅವುಗಳ ಒಂದೂವರೆಯಷ್ಟು, ಕೊನೆಗೊಂದು ಗುರು’ ಎಂದರೆ ನಿಯಮವೇ ಕೈಗೆ ಬರುತ್ತದೆ. ಈ ಸಾಲಿನ ಬಲ ಮುಂದಿನ ಪಾಠದಲ್ಲಿ ತಿಳಿಯುತ್ತದೆ: ಭಾಮಿನಿಯ ಚಿಕ್ಕ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು 14 ಮಾತ್ರೆಗಳಿದ್ದರೆ, ದೊಡ್ಡ ಸಾಲಿನಲ್ಲಿ ಅದರ ಒಂದೂವರೆಯಾದ 21ಕ್ಕೆ ಗುರುವಿನ ಎರಡು ಸೇರಿ 23, ವಾರ್ಧಕದಲ್ಲಿ ಐದು ಮಾತ್ರೆಯ ನಾಲ್ಕು ಗಣಗಳಿಂದ 20, ದೊಡ್ಡ ಸಾಲಿನಲ್ಲಿ 32.

ಈ ಸಾಲು ಪಾಠದ ಕೊನೆಯಲ್ಲೂ ಮುಂದಿನ ಪಾಠದ ಮೊದಲಲ್ಲೂ ಬರಬೇಕು, ಪದಗಳು ಎರಡೂ ಕಡೆ ಒಂದೇ ಆಗಿರಬೇಕು. ಆದರೆ ಮುಂದಿನ ಪಾಠದಲ್ಲಿ ಅದನ್ನು ನೇರವಾಗಿ ಹೇಳುವ ಮೊದಲು ಪ್ರಶ್ನೆಯಾಗಿ ಕೇಳಿ, ಐದು ಸೆಕೆಂಡು ಸುಮ್ಮನಿದ್ದು, ಆಮೇಲೆ ಹೇಳುವುದು ಮೇಲು. ನೆನಪಿಸಿಕೊಳ್ಳುವ ಪ್ರಯತ್ನ ವಿದ್ಯಾರ್ಥಿಯದಾಗುತ್ತದೆ. ಅದರ ಬೆನ್ನಿಗೇ ಹಳೆಯ ತಿಳಿವಳಿಕೆ ಸಾಲದಾಗುವ ಜಾಗವನ್ನು ತೋರಿಸುವ ಸೇತುವಾಕ್ಯ ಬರಬೇಕು: ‘ಚೌಕಟ್ಟು ತಿಳಿಯಿತು; ಆದರೆ ಅದರೊಳಗೆ ಯಾವ ಗಣಗಳನ್ನು ತುಂಬಬೇಕು?’ ತಿಳಿದದ್ದು, ಉಳಿದ ಪ್ರಶ್ನೆ ಎಂಬ ಈ ಎರಡು ಭಾಗಗಳ ಅಚ್ಚನ್ನು ಎಲ್ಲ ಪಾಠಗಳಿಗೂ ಬಳಸಿದರೆ, ಮಾತಿನ ಧಾಟಿ ಕೇಳಿದಾಗಲೇ ವಿದ್ಯಾರ್ಥಿಗೆ ಹೊಸದು ಆರಂಭವಾಗುತ್ತಿದೆಯೆಂದು ಗೊತ್ತಾಗುತ್ತದೆ. ಹಾಗೆಯೇ ಒಂದು ಪಾಠದಲ್ಲಿ ‘ಪಾದ’, ಇನ್ನೊಂದರಲ್ಲಿ ‘ಸಾಲು’, ಒಂದರಲ್ಲಿ ‘ನೋಡೋಣ’, ಇನ್ನೊಂದರಲ್ಲಿ ‘ಗಮನಿಸಿರಿ’ ಎಂದು ಬದಲಾಗದಂತೆ, ಆಯ್ದ ಪದಗಳನ್ನೂ ಲಘು ಗುರುಗಳ ಗುರುತುಗಳನ್ನೂ ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಬೇಕು.

ಕೊನೆಯ ಪರೀಕ್ಷೆ ಎರಡು ಬಗೆಯದು. ಆರೂ ಮರುನೆನಪಿನ ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಬರೆದು ಓದಿದಾಗ ಛಂದಸ್ಸಿನ ಸರಣಿ ಎಲ್ಲಿಯೂ ಕಡಿಯದೆ ಸಾಗಬೇಕು. ಎಲ್ಲಿ ಹಾರಿದಂತೆ ಅನ್ನಿಸುತ್ತದೆಯೋ ಅಲ್ಲಿ ಒಂದು ಪಾಠ ಕಡಿಮೆಯಾಗಿದೆ. ಆಮೇಲೆ ಮೊದಲ ಮೂರು ಪಾಠಗಳನ್ನು ಕೇಳದ ಒಬ್ಬರಿಗೆ ನಾಲ್ಕನೆಯದನ್ನು ಕೇಳಿಸಿ, ಅರ್ಥವಾಗದ ಪದಗಳನ್ನು ಬರೆದುಕೊಳ್ಳಲು ಹೇಳಬೇಕು. ‘ಮಾತ್ರೆ’, ‘ಗಣ’ ಎಂಬ ಪದಗಳು ಆ ಪಟ್ಟಿಯಲ್ಲಿದ್ದರೆ ಪಾಠದ ಮೊದಲಿಗೆ ತಲಾ ಒಂದು ವಾಕ್ಯದ ವಿವರಣೆ ಸೇರಿಸಿದರೆ ಸಾಕು. ‘ಆ ನಿಯಮ’, ‘ಹಿಂದಿನ ಉದಾಹರಣೆ’ ಎಂಬ ಮಾತುಗಳಿದ್ದರೆ, ಮೊದಲ ಓದಿನಲ್ಲಿ ಅಡಿಗೆರೆ ತಪ್ಪಿಸಿಕೊಂಡ ವಾಕ್ಯಗಳು ಇನ್ನೂ ಉಳಿದಿವೆಯೆಂದು ತಿಳಿದು, ಆ ನಿಯಮವನ್ನೂ ಉದಾಹರಣೆಯನ್ನೂ ಹೆಸರಿಸಿ ಮತ್ತೆ ಬರೆಯಬೇಕು.