ಒಂದೇ ಓಣಿ, ನಾಲ್ಕು ಉತ್ತರ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದಿರೋ ನಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಅಕ್ಕನೋ ಅಣ್ಣನೋ ಬಿ.ಎಡ್ ಮುಗಿಸಿ ಟಿಇಟಿಗೆ ಓದ್ತಿರ್ತಾರೆ. ಆ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ಮಕ್ಕಳ ವಿಕಾಸ ಮತ್ತು ಬೋಧನೆಯ ಭಾಗಕ್ಕೆ. ಒಂದು ಸಣ್ಣ ಘಟನೆ ಕೊಟ್ಟು “ಇದು ಯಾವುದಕ್ಕೆ ಉದಾಹರಣೆ?” ಅಂತ ಕೇಳೋ ಪ್ರಶ್ನೆಗಳು ಅಲ್ಲಿ ಸಾಮಾನ್ಯ. ಎಷ್ಟೋ ಜನ ನಾಯಿ ಅಂದ್ರೆ ಪಾವ್ಲೋವ್, ಇಲಿ ಅಂದ್ರೆ ಸ್ಕಿನ್ನರ್, ಹುಳಿ ದ್ರಾಕ್ಷಿ ಅಂದ್ರೆ ಸಮರ್ಥನೆ ಅಂತ ಬಾಯಿಪಾಠ ಮಾಡ್ತಾರೆ. ಕಥೆ ಸ್ವಲ್ಪ ಬದಲಾದ್ರೆ ಅದು ಕೈಕೊಡುತ್ತೆ.

ಒಂದೇ ಕಥೆ ತಗೊಳ್ಳೋಣ. ಜೇವರ್ಗಿ ತಾಲ್ಲೂಕಿನ ಒಂದು ಊರು, ನಾಲ್ಕನೇ ಕ್ಲಾಸಿನ ಹುಡುಗ. ಸಾಲಿಗೆ ಹೋಗುವ ಓಣಿಯಲ್ಲಿ ಒಂದು ದಿನ ನಾಯಿ ಕಚ್ಚಿತು. ಈಗ ನಾಯಿ ಇಲ್ಲದಿದ್ದರೂ ಆ ಓಣಿಯ ಬಾಯಿಗೆ ಬಂದ ಕೂಡಲೇ ಅವನ ಎದೆ ಡವಡವ ಅನ್ನುತ್ತೆ, ಕೈ ಬೆವರುತ್ತೆ.

ಇಷ್ಟೇ ಕೊಟ್ಟಿದ್ದರೆ ಉತ್ತರ ಶಾಸ್ತ್ರೀಯ ಅನುಬಂಧನ, ಅಂದ್ರೆ ಕ್ಲಾಸಿಕಲ್ ಕಂಡೀಷನಿಂಗ್. ಇಲ್ಲಿ ನಾಯಿ ಇರೋದು ಕಾಕತಾಳೀಯ, ಕಲಿತದ್ದು ಹುಡುಗ. ಎದೆ ಬಡಿದುಕೊಳ್ಳೋದನ್ನ ಅವನು ಬೇಕಂತ ಮಾಡ್ತಿಲ್ಲ, ಅದು ತಾನಾಗೇ ಆಗುತ್ತೆ. ಕಡಿತ ಸಹಜವಾಗೇ ಭಯ ತರೋ ಪ್ರಚೋದನೆ. ಓಣಿ ಮೊದಲು ಏನೂ ಅಲ್ಲ, ಕಡಿತದ ಜೊತೆ ಸೇರಿದ್ದಕ್ಕೆ ಅದೂ ಭಯ ತರೋಕೆ ಶುರುಮಾಡಿತು. ವಾಟ್ಸನ್ ಮತ್ತು ರೇಯ್ನರ್ 1920ರಲ್ಲಿ ಆಲ್ಬರ್ಟ್ ಅನ್ನೋ ಕೂಸಿನ ಮೇಲೆ ಮಾಡಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಅಲ್ಲಿ ಬಿಳಿ ಇಲಿ, ಜೋರು ಸದ್ದು. ನೋಡಿ, ಇಲಿ ಇದೆ, ಆದರೆ ಸ್ಕಿನ್ನರ್ ಇಲ್ಲ!

ಕಥೆ ಮುಂದುವರಿಸೋಣ. ಹುಡುಗ ಆ ಓಣಿ ಬಿಟ್ಟು ಹೊಲದ ಕಡೆಯಿಂದ ಸುತ್ತಿ ಸಾಲಿಗೆ ಹೋಗ್ತಾನೆ. ಸುತ್ತು ದಾರಿ ಹಿಡಿದ ಕೂಡಲೇ ಅಂಜಿಕೆ ಇಳಿಯುತ್ತೆ. ಅದಕ್ಕೇ ಮರುದಿನವೂ ಅದೇ ದಾರಿ. ಈಗ ಕೇಳ್ತಿರೋದು ನಡವಳಿಕೆ ಬಗ್ಗೆ. ಮೊದಲು ಅವನು ಏನೋ ಮಾಡಿದ, ಆಮೇಲೆ ಅದಕ್ಕೆ ಫಲ ಸಿಕ್ಕಿತು. ಇದು ಸ್ಕಿನ್ನರನ ಆಪರೆಂಟ್ ಕಂಡೀಷನಿಂಗ್. ಅದರಲ್ಲೂ ಋಣಾತ್ಮಕ ಪುನರ್ಬಲನ.

ಇಲ್ಲೇ ಹೆಚ್ಚು ಜನ ಜಾರೋದು. ಋಣಾತ್ಮಕ ಅಂದ ಕೂಡಲೇ ಶಿಕ್ಷೆ ಅಂತ ಟಿಕ್ ಮಾಡ್ತಾರೆ. ಋಣ ಅಂದ್ರೆ ಇಲ್ಲಿ ಬರೀ ಮೈನಸ್, ಯಾವುದನ್ನೋ ತೆಗೆಯೋದು. (ನಮ್ಮ ಕಂಟ್ರೋಲ್ ಸಿಸ್ಟಮ್ಸ್‌ನ ನೆಗೆಟಿವ್ ಫೀಡ್‌ಬ್ಯಾಕ್ ಬೇರೆ, ಅದನ್ನ ಇಲ್ಲಿಗೆ ತರಬೇಡಿ.) ಪುನರ್ಬಲನ ಅಂದ್ರೆ ನಡವಳಿಕೆ ಹೆಚ್ಚಾಗೋದು, ಶಿಕ್ಷೆ ಅಂದ್ರೆ ಕಡಿಮೆ ಆಗೋದು. ಹಾಗಾಗಿ ಎರಡು ಸಲ ಕೇಳಿಕೊಳ್ಳಬೇಕು: ನಡವಳಿಕೆ ಏರಿತಾ, ಇಳಿಯಿತಾ? ಏನನ್ನಾದರೂ ಕೊಟ್ಟರಾ, ತೆಗೆದರಾ? ಹುಡುಗನ ಸುತ್ತಾಟ ಏರಿತು, ಅಂಜಿಕೆ ಹೋಯಿತು. ಅದೇ ಟೀಚರ್ “ಲೇಟಾಗಿ ಬಂದಿ, ಇವತ್ತು ಆಟದ ಪೀರಿಯಡ್ ಇಲ್ಲ” ಅಂದು, ಅವನು ಲೇಟಾಗಿ ಬರೋದು ಕಡಿಮೆ ಆದ್ರೆ ಅದು ಋಣಾತ್ಮಕ ಶಿಕ್ಷೆ.

ಎರಡೂ ಒಂದೇ ಹುಡುಗನಲ್ಲಿ ಕೂಡಿ ಕೆಲಸ ಮಾಡೋದನ್ನ ಮೌರರ್ ಅನ್ನೋ ಮನಶ್ಶಾಸ್ತ್ರಜ್ಞ 1947ರಲ್ಲಿ ವಿವರಿಸಿದ. ಭಯ ಹುಟ್ಟೋದು ಮೊದಲನೇ ರೀತಿ, ಉಳಿಯೋದು ಎರಡನೇ ರೀತಿ. ನಾಯಿ ಇಲ್ಲದ ಓಣಿಯಲ್ಲಿ ನಾಲ್ಕು ಸಲ ನಡೆದಿದ್ದರೆ ಅಂಜಿಕೆ ನಿಧಾನಕ್ಕೆ ಕರಗ್ತಿತ್ತು, ಅದಕ್ಕೆ ವಿಲೋಪನ ಅಂತಾರೆ. ಸುತ್ತು ದಾರಿ ಆ ಅವಕಾಶವನ್ನೇ ಕೊಡೋದಿಲ್ಲ.

ಅವ್ವ ಕೇಳ್ತಾಳೆ, “ಯಾಕೋ ತಮ್ಮಾ, ಆ ಓಣಿಗುಂಟ ಯಾಕ ಹೋಗಂಗಿಲ್ಲ?” ಅವನು, “ಅಲ್ಲಿ ರಾಡಿ ಭಾಳ ಅದ ಬೇ, ಬೂಟು ಹೊಲಸಾಗ್ತಾವ” ಅಂತಾನೆ. ಈಗ ನಾವು ರಕ್ಷಣಾ ತಂತ್ರಕ್ಕೆ ಬಂದೆವು. ನಿಜವಾದ ಕಾರಣದ ಜಾಗಕ್ಕೆ ಮರ್ಯಾದೆಯ ಕಾರಣ ಬಂತು, ಆದ್ದರಿಂದ ಸಮರ್ಥನೆ. ಆದರೆ ಒಂದು ಶರತ್ತು: ಆ ಮಾತನ್ನ ಅವನು ನಂಬಿರಬೇಕು. ಅಂಜಿಕೆ ಅಂತ ಗೊತ್ತಿದ್ದೂ ಮುಚ್ಚಿಟ್ಟರೆ ಅದು ಬರೀ ಸುಳ್ಳು. ಪ್ರಶ್ನೆಯಲ್ಲಿ ಇದನ್ನ ಸಾಮಾನ್ಯವಾಗಿ ಬಿಡಿಸಿ ಹೇಳೋದಿಲ್ಲ, ನಂಬಿದ್ದಾನೆ ಅಂತಲೇ ಹಿಡಿಯಬೇಕು.

ಅವನು “ನಾ ಎಲ್ಲಿ ಅಂಜ್ತೀನಿ, ನಮ್ಮ ಗೆಳೆಯಾನೇ ಅಂಜುಬುರುಕ” ಅಂದ್ರೆ ಉತ್ತರ ಬದಲಾಗುತ್ತೆ. ತನ್ನೊಳಗಿನ ಭಾವನೆಯನ್ನ ಬೇರೆಯವರಲ್ಲಿ ಕಂಡ, ಅದು ಪ್ರಕ್ಷೇಪಣೆ. ಇದನ್ನ ಸ್ಥಾನಾಂತರದ ಜೊತೆ ಕಲಸಿಕೊಳ್ಳೋದು ಸುಲಭ, ಎರಡರಲ್ಲೂ ಇನ್ನೊಬ್ಬ ವ್ಯಕ್ತಿ ಇರ್ತಾನಲ್ಲ. ಸ್ಥಾನಾಂತರದಲ್ಲಿ ಭಾವನೆ ತನ್ನದೇ ಆಗಿ ಉಳಿಯುತ್ತೆ, ಗುರಿ ಮಾತ್ರ ಬದಲಾಗುತ್ತೆ. ಲೇಟ್ ಅಂತ ಬೈದ ಟೀಚರ್ ಮೇಲಿನ ಸಿಟ್ಟನ್ನ ಮನೆಗೆ ಬಂದು ತಂಗಿ ಮೇಲೆ ತೀರಿಸಿಕೊಂಡರೆ ಸ್ಥಾನಾಂತರ. “ನಂಗೇನೂ ಸಿಟ್ಟಿಲ್ಲ, ಟೀಚರ್‌ಗೇ ನನ್ನ ಕಂಡ್ರ ಆಗಂಗಿಲ್ಲ” ಅಂದರೆ ಮತ್ತೆ ಪ್ರಕ್ಷೇಪಣೆ. ಆದರೆ ಆ ಟೀಚರ್‌ಗೆ ನಿಜವಾಗ್ಲೂ ಅವನನ್ನ ಕಂಡ್ರೆ ಆಗದಿದ್ದರೆ ಅದು ಯಾವ ತಂತ್ರವೂ ಅಲ್ಲ, ಹುಡುಗ ಇದ್ದದ್ದನ್ನೇ ಹೇಳ್ತಿದ್ದಾನೆ.